ಮಾಲೀಕರು ಫ್ಯೂಸ್ ಕಿತ್ತರೆ?

ಪ್ರಶ್ನೆ: ಮನೆ ಖಾಲಿ ಮಾಡಿಸಲು ಮಾಲೀಕರು ಫ್ಯೂಸ್ ಕಿತ್ತು, ನೀರಿನ ವಾಲ್ವ್ ಮುಚ್ಚಿದ್ದಾರೆ. ದೂರು ಹೇಗೆ ಬರೆಯಲಿ?
– ಓದುಗರೊಬ್ಬರು, ಬಾಣಾವರ

ಉತ್ತರ: ಮೊದಲು ಮಾಲೀಕರಿಗೇ ಬರೆಯಿರಿ: ‘ಸ್ವಾಮಿ, ಇಂಥ ದಿನದಿಂದ ಕರೆಂಟು, ನೀರು ನಿಂತಿದೆ. ಈ ತಿಂಗಳವರೆಗಿನ ಬಾಡಿಗೆ ಕೊಟ್ಟಿದ್ದೇನೆ. ಮನೆ ಬಿಡಿಸಲು ನ್ಯಾಯಾಲಯವಿದೆ. ಎರಡು ದಿನದಲ್ಲಿ ಸಂಪರ್ಕ ಕೊಡಿಸಿ.’ ಕಿತ್ತ ಫ್ಯೂಸಿನ ಫೋಟೊ ಜೊತೆಗಿಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.

ಬಾಡಿಗೆ ಕಟ್ಟುತ್ತ ಕರಾರಿನಂತೆ ನಡೆಯುವವರ ವಾಸಕ್ಕೆ ಅಡ್ಡಿ ಮಾಡುವಂತಿಲ್ಲ ಎಂಬುದು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನ ಸಾರ. ವಿದ್ಯುತ್ ಮೂಲ ಸೌಕರ್ಯ, ಮಾಲೀಕರ ಒಪ್ಪಿಗೆಯಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ದಿಲೀಪ್–ಸತೀಶ್ ಪ್ರಕರಣದಲ್ಲಿ ಹೇಳಿದೆ. ಮಾಲೀಕರು ಮಣಿಯದಿದ್ದರೆ ವಕೀಲರ ಮೂಲಕ ಅರಸೀಕೆರೆಯ ಸಿವಿಲ್ ನ್ಯಾಯಾಲಯದಲ್ಲಿ ಮಧ್ಯಂತರ ಆದೇಶ ಕೇಳಿ. ಬಾಡಿಗೆ ಬಾಕಿಯಿದ್ದರೆ ಮೊದಲು ತೀರಿಸಿ. ಬಾಕಿಯೇ ಎದುರಾಳಿಯ ಅಸ್ತ್ರ.