ಟ್ಯೂಷನ್ ಮನೆಗೊಂದು ಅಳಿಲು

ದಾವಣಗೆರೆಯ ಒಂದು ಬಡಾವಣೆಯಲ್ಲಿ, ಮನೆಯ ಮಹಡಿಯ ಮೇಲೆ ಐದರಿಂದ ಹತ್ತನೇ ತರಗತಿಯ ಮಕ್ಕಳಿಗೆ ಟ್ಯೂಷನ್ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಗೇಟಿಗೆ ಫ್ಲೆಕ್ಸ್ ಬೇಕು, ಜೆರಾಕ್ಸ್ ಮಾಡಿಸುವ ಪ್ರಶ್ನೆಪತ್ರಿಕೆಯ ಮೂಲೆಗೊಂದು ಗುರುತು ಬೇಕು, ಫೀ ರಸೀದಿಗೆ ಸೀಲು ಬೇಕು, ಪೋಷಕರ ವಾಟ್ಸಾಪ್ ಗ್ರೂಪಿಗೆ ಡಿಪಿ ಬೇಕು. ಇವಿಷ್ಟಕ್ಕೂ ಒಂದೇ ಪಾತ್ರ ಒದಗಬೇಕೆಂದರೆ ಅದನ್ನು ಮೊದಲ ಗೆರೆಯಿಂದಲೇ ಹಾಗೆ ಯೋಚಿಸಿ ಬಿಡಿಸಬೇಕು.

ಟ್ಯೂಷನ್ ಎಂದ ಕೂಡಲೇ ಕನ್ನಡಕ ಹಾಕಿದ ಗೂಬೆಯ ರೆಡಿಮೇಡ್ ಚಿತ್ರ ಸಿಗುತ್ತದೆ. ನಮ್ಮ ಕಡೆ ಗೂಬೆ ಮನೆ ಮೇಲೆ ಕೂತರೆ ಅಪಶಕುನ ಎನ್ನುವವರು ಇನ್ನೂ ಇದ್ದಾರೆ, ಮಕ್ಕಳಿಗಂತೂ ಅದು ಬೈಗುಳ. ಅದಕ್ಕಿಂತ ಕಾಂಪೌಂಡಿನ ಮೇಲೆ ದಿನವೂ ಓಡಾಡುವ ಅಳಿಲು ಒಳ್ಳೆಯದು. ರಾಮಸೇತುವಿನ ಕತೆಯಿಂದಾಗಿ ಅದು ಎಲ್ಲರಿಗೂ ಬೇಕಾದ ಪ್ರಾಣಿ. ಬೆನ್ನ ಮೇಲಿನ ಮೂರು ಗೆರೆ ಮತ್ತು ಮೇಲೆದ್ದ ಬಾಲ, ಇವೆರಡೇ ಸಾಕು ಅದನ್ನು ಗುರುತಿಸಲು. ಭಾರತೀಯ ರೈಲ್ವೆಯ 150ನೇ ವರ್ಷಾಚರಣೆಗೆಂದು 2002ರಲ್ಲಿ ಬಂದ 'ಭೋಲು' ಆನೆಯನ್ನು ನೆನಪಿಸಿಕೊಳ್ಳಿ. ಗಾರ್ಡ್ ಸಮವಸ್ತ್ರ, ಕೈಯಲ್ಲೊಂದು ಹಸಿರು ದೀಪ, ಅಷ್ಟೇ. ನಮ್ಮ ಅಳಿಲಿಗೂ ಕಿವಿಯ ಹಿಂದೆ ಸಿಕ್ಕಿಸಿದ ಒಂದು ಪೆನ್ಸಿಲ್ ಸಾಕು. ಪುಸ್ತಕ, ಬ್ಯಾಗು, ಪದವಿ ಟೋಪಿ ಎಲ್ಲವನ್ನೂ ಹೊರಿಸಿದರೆ ಯಾವುದೂ ಕಾಣುವುದಿಲ್ಲ.

ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂ ಎರಡೂ ಪ್ರೊಫೈಲ್ ಚಿತ್ರವನ್ನು ವೃತ್ತಾಕಾರದಲ್ಲಿ ತೋರಿಸುತ್ತವೆ, ಮೂಲೆಯಲ್ಲಿದ್ದದ್ದು ಹೋಗುತ್ತದೆ. ಹಾಗಾಗಿ ಅಳಿಲನ್ನು ಪಕ್ಕದಿಂದ ಕಾಣುವಂತೆ ಕೂರಿಸಿ, ಬಾಲವನ್ನು ವೃತ್ತದ ಅಂಚಿಗೆ ಹೊಂದಿಕೊಂಡು ಬಾಗುವಂತೆ ಎಳೆಯಬೇಕು. ಹೀಗೆ ಕೂತಾಗ ಬೆನ್ನ ಗೆರೆಗಳೂ ಕಾಣುತ್ತವೆ. ಬಣ್ಣ ಹಾಕುವ ಮೊದಲು ಇಡೀ ಆಕೃತಿಗೆ ಕಪ್ಪು ತುಂಬಿ ನೋಡಿ. ಆಗಲೂ ಅಳಿಲು ಅನ್ನಿಸಿದರೆ ಮುಂದುವರಿಯಬಹುದು. ಇಲಿ ಅನ್ನಿಸಿದರೆ ಬಾಲ ಇನ್ನೂ ದಪ್ಪವಾಗಬೇಕು.

ಆಮೇಲೆ ಚಿತ್ರವನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಪ್ರಿಂಟ್ ತೆಗೆದು, ಅದನ್ನೇ ಜೆರಾಕ್ಸ್ ಮಾಡಿಸಿ. ತೊಂದರೆ ಇದ್ದರೆ ಇಲ್ಲೇ ಗೊತ್ತಾಗುತ್ತದೆ. ಮೀಸೆಯ ಕೂದಲು ಮಾಯವಾಗುತ್ತದೆ, ತಿಳಿ ಬೂದು ಬಣ್ಣ ಬಿಳಿಯಾಗುತ್ತದೆ, ಮೂರು ಗೆರೆ ಸೇರಿ ಒಂದು ಮಚ್ಚೆಯಾಗುತ್ತದೆ. ನಿಜವಾದ ಅಳಿಲಿಗೆ ಗಾಢ ಬೆನ್ನ ಮೇಲೆ ತಿಳಿ ಗೆರೆಗಳಿರುತ್ತವೆ, ಅದೇ ನಮಗೆ ಅನುಕೂಲ. ಮೈಯನ್ನು ಗಟ್ಟಿ ಒಂದೇ ಬಣ್ಣವಾಗಿಸಿ ಗೆರೆಗಳನ್ನು ಖಾಲಿ ಬಿಟ್ಟರೆ ಸೀಲು, ಜೆರಾಕ್ಸ್, ಟೀ ಶರ್ಟ್ ಎಲ್ಲದಕ್ಕೂ ಒಂದೇ ಬಣ್ಣದಲ್ಲಿ ಕೆಲಸ ನಡೆಯುತ್ತದೆ. ಖಾಲಿ ಗೆರೆ ಅಗಲವಾಗಿರಲಿ, ತೆಳುವಾದರೆ ಸೀಲಿನ ಇಂಕು ಅದರೊಳಗೆ ತುಂಬಿಕೊಳ್ಳುತ್ತದೆ. ಹೆಸರನ್ನಂತೂ ವೃತ್ತದೊಳಗೆ ತುರುಕಲೇಬೇಡಿ. ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಮೊದಲು ಕಲಸಿಹೋಗುತ್ತವೆ. ಹೆಸರು ಪಕ್ಕದಲ್ಲೋ ಕೆಳಗೋ ಬೇರೆಯಾಗಿರಲಿ.

ಪೋಸ್ಟುಗಳಿಗೆ ಇದೇ ಅಳಿಲು ಎದ್ದು ನಿಲ್ಲಬೇಕು, ಆಡಬೇಕು. ಕಲಾವಿದರಿಂದ ಒಂದು ಹಾಳೆಯಲ್ಲಿ ಅದರ ಮುಂದು, ಪಕ್ಕ, ಹಿಂದು ಬರೆಸಿಟ್ಟುಕೊಳ್ಳಿ. ತಲೆಯ ಎರಡರಷ್ಟು ಎತ್ತರ, ಮೂರೇ ಗೆರೆ, ಪೆನ್ಸಿಲ್ ಯಾವಾಗಲೂ ಬಲಗಿವಿಗೆ ಎಂದು ಅದರಲ್ಲೇ ಗುರುತು ಮಾಡಿರಲಿ. ಇಲ್ಲದಿದ್ದರೆ ಯುಗಾದಿಗೊಂದು, ದೀಪಾವಳಿಗೊಂದು ಬೇರೆ ಬೇರೆ ಅಳಿಲು ಹುಟ್ಟಿಕೊಳ್ಳುತ್ತವೆ. ಶುರುವಿಗೆ ನಾಲ್ಕು ಭಂಗಿ ಸಾಕು: ವೇಳಾಪಟ್ಟಿಯತ್ತ ಕೈ ತೋರಿಸುವುದು, ಲೆಕ್ಕ ಬಾರದೆ ತಲೆ ಕೆರೆದುಕೊಳ್ಳುವುದು, ಚಪ್ಪಾಳೆ ತಟ್ಟುವುದು, ರಜೆಯ ದಿನ ಕೊಂಬೆಯ ಮೇಲೆ ಮಲಗಿರುವುದು.

ಎರಡನೆಯ ಭಂಗಿಯೇ ನನಗೆ ಮುಖ್ಯ ಅನ್ನಿಸುತ್ತದೆ. ಅಳಿಲು ಮೇಷ್ಟರಾಗಬಾರದು, ಜೊತೆಗೆ ಕಲಿಯುವ ಮಗುವಾಗಬೇಕು. "3/4 ದೊಡ್ಡದೋ 5/8 ದೊಡ್ಡದೋ? ನನಗೆ ಗೊಂದಲ" ಎಂದು ಅದು ಕೇಳಿದರೆ ಆರನೇ ತರಗತಿಯ ಹುಡುಗಿ ಅಮ್ಮನ ಫೋನಿನಲ್ಲೇ ಉತ್ತರ ಕಳಿಸುತ್ತಾಳೆ. ಕಡಿಮೆ ಅಂಕದ ಪಕ್ಕ ಅಳುವ ಅಳಿಲನ್ನಾಗಲಿ, ಬೆತ್ತ ಹಿಡಿದ ಅಳಿಲನ್ನಾಗಲಿ ಎಂದೂ ಹಾಕಬೇಡಿ. ಒಮ್ಮೆ ಅವಮಾನಿಸಿದ ಗೊಂಬೆಯನ್ನು ಮಕ್ಕಳು ಮತ್ತೆ ಹತ್ತಿರ ಸೇರಿಸುವುದಿಲ್ಲ.

ಕರಡು ತಯಾರಾದ ಮೇಲೆ ಮಕ್ಕಳಿಗೆ ಒಂದೆರಡು ಕ್ಷಣ ತೋರಿಸಿ, ಮುಚ್ಚಿಟ್ಟು, ನೆನಪಿನಿಂದ ಬಿಡಿಸಲು ಹೇಳಿ. ಹೆಚ್ಚಿನ ಹಾಳೆಗಳಲ್ಲಿ ಬಾಲ ಮತ್ತು ಗೆರೆ ಬಂದಿದ್ದರೆ ಚಿತ್ರ ಗೆದ್ದಂತೆ. ಯಾರೂ ಪೆನ್ಸಿಲ್ ಬಿಡಿಸದಿದ್ದರೆ ಅದನ್ನು ದೊಡ್ಡದು ಮಾಡಬೇಕು.

ಇನ್ನು ಕಲಾವಿದರಿಂದ ಕೈಗೆ ಬರಬೇಕಾದ ಫೈಲುಗಳು. ಎಷ್ಟು ಹಿಗ್ಗಿಸಿದರೂ ಒಡೆಯದ ಎಸ್‌ವಿಜಿ ಅಥವಾ ಪಿಡಿಎಫ್ ಫ್ಲೆಕ್ಸ್ ಅಂಗಡಿಗೆ, ಹಿನ್ನೆಲೆಯಿಲ್ಲದ ಪಿಎನ್‌ಜಿ ಪೋಸ್ಟುಗಳಿಗೆ. ಬರೀ ಜೆಪಿಜಿ ಕೊಟ್ಟರೆ ಬಣ್ಣದ ಪೋಸ್ಟಿನ ಮೇಲೆ ಅಳಿಲಿನ ಸುತ್ತ ಬಿಳಿ ಚೌಕ ಕೂರುತ್ತದೆ. ವಾಟ್ಸಾಪ್ ಸ್ಟಿಕರ್ ಬೇಕಿದ್ದರೆ 512 ಪಿಕ್ಸೆಲ್ ಚೌಕದಲ್ಲಿ, 100 ಕೆಬಿಯೊಳಗೆ ಇರಬೇಕು. ಚಿತ್ರದ ಹಕ್ಕು ಟ್ಯೂಷನ್‌ನವರಿಗೆ ಸೇರುತ್ತದೆ ಎಂದು ಕಲಾವಿದರಿಂದ ಬರವಣಿಗೆಯಲ್ಲಿ ಪಡೆಯಿರಿ. ಫ್ಲೆಕ್ಸ್ ಅಂಗಡಿಯವರಿಗೆ ಮಾತ್ರ ಒಂದು ಮಾತು ಬಿಡಿಸಿ ಹೇಳಿ: ಜಾಗ ಮಿಕ್ಕರೆ ಮಿಗಲಿ, ಅಳಿಲನ್ನು ಅಡ್ಡಕ್ಕೆ ಎಳೆಯಬೇಡಿ.