ಪಾತ್ರೆಗೆ ಹುಳಿ, ರಬ್ಬರಿಗೆ ಸೋಡಾ

ಕೋಲಾರದಲ್ಲಿರುವ ನಮ್ಮ ಚಿಕ್ಕಮ್ಮನ ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರು. ಅವರ ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರಿನ ಒಳಗೆ ತಳದಿಂದ ಎರಡು ಬೆರಳು ಎತ್ತರದವರೆಗೆ ಕಪ್ಪು, ಅದರ ಮೇಲೆ ಸುಣ್ಣ ಬಳಿದಂಥ ಒಂದು ಬಿಳಿ ಗೆರೆ. ಅನ್ನ, ಬೇಳೆ ಎರಡನ್ನೂ ಡಬ್ಬಿಗಳಲ್ಲಿಟ್ಟು ಬೇಯಿಸುವ ಮನೆಗಳಲ್ಲಿ ಕುಕ್ಕರಿನ ತಳದಲ್ಲಿ ಕುದಿಯುವುದು ಬರೀ ನೀರು. ಹಾಗಾಗಿ ಕಲೆ ಸರಿಯಾಗಿ ಆ ನೀರಿನ ಮಟ್ಟಕ್ಕೇ ನಿಂತಿತ್ತು.

ಎಷ್ಟು ಉಜ್ಜಿದರೂ ಹೋಗದ ಆ ಕಪ್ಪು ಕೊಳೆಯಲ್ಲ. ಗಡಸು ನೀರು ಕುದಿದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು ಪಾತ್ರೆಗೆ ಅಂಟುತ್ತದೆ. ಬಿಳಿ ಗೆರೆ ಅದರದ್ದು. ಅದೇ ಹೊತ್ತಿಗೆ ನೀರಿನ ಕ್ಷಾರ ಗುಣವೂ ಏರುತ್ತದೆ. ಬಿಸಿ ಕ್ಷಾರ ನೀರು ಅಲ್ಯೂಮಿನಿಯಂ ಮೇಲಿರುವ ಸಹಜವಾದ ತೆಳು ಪದರವನ್ನು ದಪ್ಪಗೊಳಿಸಿ ಕಪ್ಪಾಗಿಸುತ್ತದೆ. ಇದರಿಂದ ಅಡುಗೆಗೆ ತೊಂದರೆಯಿಲ್ಲ, ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ. ಟೊಮೆಟೊ ಸಾರು ಕುದಿಸಿದ ದಿನ ಅದೇ ಪಾತ್ರೆ ಇದ್ದಕ್ಕಿದ್ದಂತೆ ಬೆಳ್ಳಗಾಗುವುದನ್ನು ನೀವೂ ನೋಡಿರುತ್ತೀರಿ. ಮದ್ದು ಹುಳಿಯಲ್ಲೇ ಇದೆ.

ಚಿಕ್ಕಮ್ಮ ಮಾಡಿದ ತಪ್ಪೆಂದರೆ, ಕಪ್ಪು ಹೋಗಲಿ ಎಂದು ಅಡುಗೆ ಸೋಡಾ ಹಾಕಿ ಕುದಿಸಿದ್ದು. ಸೋಡಾ ಕೂಡ ಕ್ಷಾರವೇ. ಕುಕ್ಕರ್ ಇನ್ನಷ್ಟು ಕಪ್ಪಾಯಿತು.

ನಾವು ಆಮೇಲೆ ಮಾಡಿದ್ದು ಇಷ್ಟು. ಕಲೆಯ ಮೇಲೆ ಒಂದು ಬೆರಳು ನಿಲ್ಲುವಷ್ಟು ನೀರು ಹಾಕಿ, ನಿಂಬೆ ಗಾತ್ರದ ಹುಣಸೆಹಣ್ಣು ಕಿವುಚಿದೆವು. ಹುಣಸೆ ಬದಲು ಎರಡು ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿಯೂ ಆಗುತ್ತದೆ. ಮುಚ್ಚಳ ಹಾಕದೆ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಬೇಕು. ಮುಚ್ಚಿ ವಿಷಲ್ ಹೊಡೆಸಿದರೆ ಹುಣಸೆಯ ನಾರು ಉಗಿ ಕೊಳವೆಗೆ ಸಿಕ್ಕಿಕೊಳ್ಳಬಹುದು. ಬಿಳಿ ಗೆರೆಯಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಸುಣ್ಣ ಕರಗುತ್ತಿದೆ ಎಂದರ್ಥ. ನೀರು ಆರಿದ ಮೇಲೆ ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ನಮ್ಮ ಕುಕ್ಕರಿನ ಕಪ್ಪು ಒಂದೇ ಸಲಕ್ಕೆ ಹೋಯಿತು, ಬಿಳಿ ಗೆರೆಗೆ ಎರಡನೇ ಸಲ ಕುದಿಸಬೇಕಾಯಿತು. ಹೊಸದರ ಹೊಳಪು ಮಾತ್ರ ಬರಲಿಲ್ಲ, ಬರುವುದೂ ಇಲ್ಲ. ರಾತ್ರಿಯಿಡೀ ಹುಳಿ ನೆನೆಸಿಟ್ಟರೆ ಇನ್ನೂ ಹೊಳೆಯುತ್ತದೆಂದು ಆಸೆಪಡಬೇಡಿ. ಲೋಹದಲ್ಲಿ ಸಣ್ಣ ಗುಳಿಗಳು ಬೀಳುತ್ತವೆ.

ಮುಚ್ಚಳವನ್ನು ಬೆಳಕಿಗೆ ಹಿಡಿದು ಉಗಿ ಕೊಳವೆಯ ತೂತಿನಲ್ಲಿ ಆಚೆ ಕಾಣುತ್ತದೆಯೇ ಎಂದೂ ನೋಡಿ. ಸುಣ್ಣ ಅಲ್ಲೂ ಕಟ್ಟುತ್ತದೆ. ಸೂಜಿಯಿಂದ ಬಿಡಿಸಿ, ನೀರು ಹರಿಸಿ ತೊಳೆಯಿರಿ.

ಇನ್ನು ರಬ್ಬರ್, ಗ್ಯಾಸ್ಕೆಟ್. ಇದರ ವಾಸನೆಗೆ ಎರಡು ಮೂಲ. ಒಂದು, ಬೇಳೆಯ ನೊರೆ ಮತ್ತು ಜಿಡ್ಡು ರಬ್ಬರಿನ ಮಡಿಕೆಯಲ್ಲೂ ಅದು ಕೂರುವ ಮುಚ್ಚಳದ ಅಂಚಿನಲ್ಲೂ ಸಿಕ್ಕಿ ಹಳಸುವುದು. ಇನ್ನೊಂದು, ಬೆಳ್ಳುಳ್ಳಿ, ಮಸಾಲೆ, ಮಾಂಸದ ವಾಸನೆಯನ್ನು ಬಿಸಿ ರಬ್ಬರ್ ತನ್ನೊಳಕ್ಕೇ ಎಳೆದುಕೊಳ್ಳುವುದು. ಮೊದಲನೆಯದು ಪೂರ್ತಿ ಹೋಗುತ್ತದೆ, ಎರಡನೆಯದು ಕಡಿಮೆಯಾಗುತ್ತದೆ.

ಪಾತ್ರೆಗೆ ಆಗದ ಸೋಡಾ ಇಲ್ಲಿ ಕೆಲಸಕ್ಕೆ ಬರುತ್ತದೆ. ರಬ್ಬರನ್ನು ಬಿಚ್ಚಿ, ಬಿಸಿ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಳಹೊರಗೆ ತಿಕ್ಕಿ. ಮುಚ್ಚಳದ ಅಂಚನ್ನೂ ಬಿಡಬೇಡಿ, ಆದರೆ ಅಲ್ಲಿಗೆ ಸೋಪು ಮಾತ್ರ. ಆಮೇಲೆ ಎರಡು ಚಮಚ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ರಬ್ಬರಿಗೆ ಬಳಿದು ಅರ್ಧ ಗಂಟೆ ಬಿಡಿ. ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ರಬ್ಬರ್ ಬಿರುಸಾಗಿ ಬಿರುಕು ಬಿಡುತ್ತದೆ. ವಾಸನೆ ಹೋಗಿದೆಯೇ ಎಂದು ತಣ್ಣಗಿರುವಾಗ ಮೂಸಿದರೆ ತಿಳಿಯದು. ಬಿಸಿ ನೀರಿನಲ್ಲಿ ಒಂದು ನಿಮಿಷ ಅದ್ದಿ ಮೂಸಿ.

ಚಿಕ್ಕಮ್ಮ ಈಗ ಎರಡು ರಬ್ಬರ್ ಇಟ್ಟುಕೊಂಡಿದ್ದಾರೆ, ಮಾಂಸದಡುಗೆಗೆ ಒಂದು, ಉಳಿದದ್ದಕ್ಕೆ ಒಂದು. ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆಯನ್ನೋ ಹುಣಸೆ ಚೂರನ್ನೋ ಹಾಕುತ್ತಾರೆ. ಕಪ್ಪು ಮತ್ತೆ ಕಾಣಿಸಿಕೊಂಡಿಲ್ಲ. ಕೆಲಸವಾದ ಮೇಲೆ ಮುಚ್ಚಳ ಬಿಗಿಯುವುದಿಲ್ಲ, ಪಾತ್ರೆಯ ಮೇಲೆ ಬೋರಲಾಗಿ ಇಡುತ್ತಾರೆ.

ಎಳೆದಾಗ ಬಿರುಕು ಕಂಡರೆ, ಸಡಿಲವಾಗಿ ಪಕ್ಕದಿಂದ ಉಗಿ ಸೋರಿದರೆ ಆ ರಬ್ಬರಿನ ಆಯುಷ್ಯ ಮುಗಿದಿದೆ. ಫ್ರೀಜರಿನಲ್ಲಿಟ್ಟರೆ ಒಂದೆರಡು ಅಡುಗೆಗೆ ಬಿಗಿಯಾದೀತು, ಮತ್ತೆ ಸೋರುತ್ತದೆ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅದೇ ಕಂಪನಿಯ, ಅದೇ ಲೀಟರಿನ ಕುಕ್ಕರಿನದ್ದನ್ನೇ ಕೇಳಿ ತನ್ನಿ.