ಮುಂದಿನ ಪದಕ್ಕೆ ಮುಸುಕು

ಬರ್ಟ್ ಕೂಡ ಟ್ರಾನ್ಸ್‌ಫಾರ್ಮರ್, ಜಿಪಿಟಿಯೂ ಟ್ರಾನ್ಸ್‌ಫಾರ್ಮರ್. ಒಂದು ಪುಟಗಟ್ಟಲೆ ಬರೆಯುತ್ತದೆ, ಇನ್ನೊಂದಕ್ಕೆ ಬರೆಯಲು ಬಾರದು. ಏಕೆ? ಹೀಗೆಂದು ಓದುಗರೊಬ್ಬರು ಕೇಳಿದ್ದಾರೆ.

2017ರಲ್ಲಿ ಗೂಗಲ್ ಸಂಶೋಧಕರು ಭಾಷಾಂತರಕ್ಕೆಂದು ಕಟ್ಟಿದ ಮೂಲ ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡು ಭಾಗಗಳಿದ್ದವು: ಓದುವ ಎನ್‌ಕೋಡರ್, ಬರೆಯುವ ಡಿಕೋಡರ್. ಮರುವರ್ಷವೇ ಮನೆ ಪಾಲಾಯಿತು. ಓಪನ್‌ಎಐನವರು ಡಿಕೋಡರ್ ಹಿಡಿದು ಜಿಪಿಟಿ ಮಾಡಿದರು, ಗೂಗಲ್‌ನವರು ಎನ್‌ಕೋಡರ್ ಹಿಡಿದು ಬರ್ಟ್ ಮಾಡಿದರು. ಎರಡಕ್ಕೂ ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಯಾವ ಪದ ಯಾವುದನ್ನು ನೋಡಬಹುದು ಎಂಬಲ್ಲಿ.

'ಹತ್ತಿ ಬೆಲೆ ಕುಸಿಯಿತು' ಎಂಬ ವಾಕ್ಯ ತೆಗೆದುಕೊಳ್ಳಿ. (ನಿಜದಲ್ಲಿ ಪದಗಳು ಇನ್ನೂ ಸಣ್ಣ ತುಂಡುಗಳಾಗುತ್ತವೆ, ಅದನ್ನು ಬಿಡೋಣ.) 'ಬೆಲೆ'ಯ ಸರದಿ ಬಂದಾಗ ಅದು ಮೂರೂ ಪದಗಳಿಗೆ ಅಂಕ ಕೊಡುತ್ತದೆ, 2, 1, 3 ಎಂದಿಟ್ಟುಕೊಳ್ಳಿ. ಸಾಫ್ಟ್‌ಮ್ಯಾಕ್ಸ್ ಎಂಬ ಸೂತ್ರ ಇವನ್ನು ಗಮನದ ಪಾಲುಗಳಾಗಿ ಹಂಚುತ್ತದೆ: ಶೇ. 24, 9, 67. ಜಿಪಿಟಿ ಈ ಜಾಗದಲ್ಲಿ ಕಲಿಯಬೇಕಾದದ್ದು ಮುಂದಿನ ಪದ ಊಹಿಸುವುದನ್ನು. ಆದರೆ ಗಮನದ ಮೂರನೇ ಎರಡರಷ್ಟು ಪಾಲು ಉತ್ತರದ ಮೇಲೆಯೇ ಕೂತಿದೆ! ಕೀ ಉತ್ತರ ಪಕ್ಕದಲ್ಲಿಟ್ಟುಕೊಂಡು ಪರೀಕ್ಷೆ ಬರೆದಂತೆ. ಅಂಕ ನೂರಕ್ಕೆ ನೂರು, ವಿದ್ಯೆ ಸೊನ್ನೆ.

ಆದ್ದರಿಂದ ಸಾಫ್ಟ್‌ಮ್ಯಾಕ್ಸ್‌ಗೆ ಮುಂಚೆಯೇ ಮುಂದಿನ ಪದಗಳ ಅಂಕ ಅಳಿಸಿ ಅಲ್ಲಿ ಋಣ ಅನಂತವನ್ನು ಇಡುತ್ತಾರೆ. ಆಗ ಪಾಲು ಶೇ. 73, 27, 0. ಇದೇ ಕಾಸಲ್ ಮಾಸ್ಕ್. ಋಣ ಅನಂತದ ಬದಲು ಸೊನ್ನೆ ಇಟ್ಟರೆ ಸಾಲದೇ? ಸಾಲದು. ಅಂಕ ಸೊನ್ನೆಯಾದರೂ ಪಾಲು ಸೊನ್ನೆಯಾಗುವುದಿಲ್ಲ. ಇದೇ ಲೆಕ್ಕದಲ್ಲಿ ಶೇ. 9ರಷ್ಟು ಗಮನ ಉತ್ತರದ ಕಡೆ ಸೋರಿಹೋಗುತ್ತದೆ. ಇಂಥ ಸೋರಿಕೆಯ ಲಕ್ಷಣವೆಂದರೆ, ತರಬೇತಿಯಲ್ಲಿ ತಪ್ಪಿನ ಪ್ರಮಾಣ ನಂಬಲಾಗದಷ್ಟು ಬೇಗ ಕುಸಿಯುತ್ತದೆ, ಬರೆಯಲು ಹೇಳಿದರೆ ಮಾತ್ರ ಅಸಂಬದ್ಧ ಹೊರಬರುತ್ತದೆ.

ಮುಸುಕಿನಿಂದ ಒಂದು ದೊಡ್ಡ ಲಾಭವಿದೆ. ಪ್ರತಿ ಪದವೂ ತನ್ನನ್ನು ಮತ್ತು ತನ್ನ ಹಿಂದಿನದನ್ನಷ್ಟೇ ನೋಡುವುದರಿಂದ, ವಾಕ್ಯವನ್ನು ಒಮ್ಮೆ ಓಡಿಸಿದರೆ ಎಲ್ಲ ಜಾಗಗಳಲ್ಲೂ ಏಕಕಾಲಕ್ಕೆ ಪಾಠ ನಡೆಯುತ್ತದೆ. ಬರ್ಟ್‌ಗೆ ಈ ಭಾಗ್ಯವಿಲ್ಲ. ಅದು ಎರಡೂ ಕಡೆ ನೋಡುವುದರಿಂದ ಸುಮಾರು ಶೇ. 15ರಷ್ಟು ಪದಗಳನ್ನು ಮಾತ್ರ ಆರಿಸಿ, ಹೆಚ್ಚಿನವನ್ನು ಮರೆಮಾಡಿ ಊಹಿಸಲು ಕಲಿಸುತ್ತಾರೆ. ಹೀಗೆ ಖಾಲಿ ಬಿಟ್ಟ ಸ್ಥಳ ತುಂಬಿ ಬೆಳೆದದ್ದಕ್ಕೆ ಎಡದಿಂದ ಬಲಕ್ಕೆ ಪದ ಪೋಣಿಸುತ್ತಾ ಹೋಗುವ ಅಭ್ಯಾಸವಿರುವುದಿಲ್ಲ.

ಹಾಗೆಂದು ಬರ್ಟ್ ಹಳೇ ಸರಕು ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. 'ಹತ್ತಿ ಬೆಲೆ ಕುಸಿಯಿತು', 'ಹತ್ತಿ ಇಳಿದು ಸುಸ್ತಾದ': ಎರಡರಲ್ಲೂ ಮೊದಲ ಪದದ ಜಾಗದಲ್ಲಿ ಜಿಪಿಟಿ ಹುಟ್ಟಿಸುವ ಸಂಖ್ಯೆಗಳು ಒಂದೇ, ಏಕೆಂದರೆ ಮುಂದೇನಿದೆ ಎಂಬುದು ಆ ಜಾಗಕ್ಕೆ ಗೊತ್ತಿಲ್ಲ. ಅರ್ಥ ಬಿಡಿಸುವ ಕೆಲಸ ಮುಂದಿನ ಜಾಗಗಳಿಗೆ ಬೀಳುತ್ತದೆ. ಬರ್ಟ್‌ನಲ್ಲಿ ಅದೇ ಜಾಗದ ಸಂಖ್ಯೆಗಳು ವಾಕ್ಯದಿಂದ ವಾಕ್ಯಕ್ಕೆ ಬದಲಾಗುತ್ತವೆ. ಪಠ್ಯವೆಲ್ಲ ಮೊದಲೇ ಕೈಯಲ್ಲಿರುವ ಕಡೆ, ಅಂದರೆ ಹುಡುಕಾಟ, ವರ್ಗೀಕರಣ, ಹೆಸರು ಗುರುತಿಸುವ ಕೆಲಸಗಳಲ್ಲಿ, ಮುಂದಿನದನ್ನು ಮುಚ್ಚಿಟ್ಟು ಓದುವ ಅಗತ್ಯವೇ ಇಲ್ಲ. ಗೂಗಲ್ 2019ರಲ್ಲಿ ತನ್ನ ಹುಡುಕಾಟಕ್ಕೆ ಬರ್ಟ್ ಅಳವಡಿಸಿದ್ದು ಇಂಥ ಓದಿಗಾಗಿಯೇ.